ಆಂಟಿಬಯೋಟಿಕ್ ಮಧ್ಯದಲ್ಲೇ ನಿಂತುಹೋಗಿದೆಯಾ? ಮುಂದಿನ ಮಾತ್ರೆ ನುಂಗುವ ಮೊದಲು ಇದನ್ನು ಓದಿ

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತವರಿಗೆ ಈ ಮಾತು ಬಾಯಿಪಾಠ: "ಸರ್, ಜ್ವರ ಬಿಟ್ಟುಹೋಯ್ತು, ಅದಕ್ಕೆ ಮಾತ್ರೆ ನಿಲ್ಲಿಸಿಬಿಟ್ಟೆ. ಈಗ ಏನು ಮಾಡ್ಲಿ?" ಕೇಳುವವರ ಕೈಯಲ್ಲಿ ಅರ್ಧ ಖಾಲಿಯಾದ ಸ್ಟ್ರಿಪ್ ಇರುತ್ತದೆ. ಕೆಲವರು ಅಷ್ಟರಲ್ಲೇ ಭಯಬಿದ್ದು ಎರಡು ಮಾತ್ರೆ ಒಟ್ಟಿಗೆ ನುಂಗಿ ಬಂದಿರುತ್ತಾರೆ. ಇನ್ನು ಕೆಲವರು ಹೊಸ ಸ್ಟ್ರಿಪ್ ಕೊಡಿ, ಮೊದಲಿನಿಂದ ಶುರು ಮಾಡುತ್ತೇನೆ ಎನ್ನುತ್ತಾರೆ. ಎರಡೂ ಬೇಡ.

ಒಂದು ಡೋಸ್ ಮರೆತವರಿಗೂ ನಾಲ್ಕು ದಿನ ನಿಲ್ಲಿಸಿದವರಿಗೂ ಉತ್ತರ ಒಂದೇ ಅಲ್ಲ. ಮೂತ್ರದ ಸೋಂಕಿಗೆ ತೆಗೆದುಕೊಂಡ ಮಾತ್ರೆ ಬಿಟ್ಟರೆ ಒಂದು ದಾರಿ, ಟೈಫಾಯ್ಡ್ ಮಾತ್ರೆ ಬಿಟ್ಟರೆ ಇನ್ನೊಂದು. ಹಾಗಾಗಿ ಮೊದಲು ಎಷ್ಟು ತಪ್ಪಿದೆ ಎಂದು ಲೆಕ್ಕ ಹಾಕಬೇಕು. ಅದು ಯಾವ ಮಾತ್ರೆ, ಯಾವ ಕಾಯಿಲೆಗೆ ಕೊಟ್ಟಿದ್ದು ಎಂದು ನೋಡಬೇಕು. ಆಮೇಲೆ ಮನೆಯಲ್ಲೇ ಸರಿಪಡಿಸಿಕೊಳ್ಳಬೇಕಾ, ಡಾಕ್ಟರಿಗೆ ಫೋನ್ ಮಾಡಬೇಕಾ, ಆಸ್ಪತ್ರೆಗೇ ಹೋಗಬೇಕಾ ಎಂದು ತೀರ್ಮಾನಿಸಬೇಕು. ಇದೇ ಕ್ರಮದಲ್ಲಿ ನೋಡೋಣ.

ಮೊದಲು ಸ್ಟ್ರಿಪ್ ಎಣಿಸಿ

ನೆನಪನ್ನು ನಂಬಬೇಡಿ. "ಒಂದೇ ಒಂದು ಮಿಸ್ ಆಗಿದೆ" ಎನ್ನುವವರ ಸ್ಟ್ರಿಪ್ ಎಣಿಸಿದರೆ ಎಷ್ಟೋ ಸಲ ಎರಡು ಮೂರು ಹೆಚ್ಚಿಗೆ ಉಳಿದಿರುತ್ತವೆ. ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ರಾತ್ರಿ ಊಟವಾಗಿ ನಿದ್ದೆಗೆ ಜಾರಿದ ಮೇಲೆ ಮಾತ್ರೆ ತೆಗೆದುಕೊಂಡೆವಾ ಇಲ್ಲವಾ ಎಂಬುದು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.

ಡಾಕ್ಟರ್ ಚೀಟಿ, ಅಂಗಡಿ ಬಿಲ್, ಉಳಿದ ಮಾತ್ರೆಗಳು ಮೂರನ್ನೂ ಮುಂದಿಟ್ಟುಕೊಳ್ಳಿ. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಗ್ಗೆ ಒಂದು, ರಾತ್ರಿ ಒಂದು. 1-1-1 ಎಂದರೆ ಮೂರು ಹೊತ್ತು. ಪಕ್ಕದಲ್ಲಿ ಎಷ್ಟು ದಿನ ಎಂದು ಬರೆದಿರುತ್ತಾರೆ. ದಿನಕ್ಕೆ ಎಷ್ಟು ಮಾತ್ರೆ ಎಂಬುದನ್ನು ಕಳೆದ ದಿನಗಳಿಂದ ಗುಣಿಸಿದರೆ ಇಷ್ಟರಲ್ಲಿ ಎಷ್ಟು ಮುಗಿಯಬೇಕಿತ್ತು ಎಂದು ಗೊತ್ತಾಗುತ್ತದೆ. ಒಡೆದ ಗುಳ್ಳೆ ಎಣಿಸಿದರೆ ನಿಜಕ್ಕೂ ಎಷ್ಟು ಮುಗಿದಿದೆ ಎಂಬುದು ಸಿಗುತ್ತದೆ. ಇವೆರಡರ ವ್ಯತ್ಯಾಸವೇ ನೀವು ತಪ್ಪಿಸಿದ ಡೋಸ್.

ಒಂದು ತೊಂದರೆ ಇದೆ. ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ಹೆಸರಿನ ಭಾಗ ಅಂಗಡಿಯಲ್ಲೇ ಉಳಿದು, ನಿಮ್ಮ ಕೈಗೆ ಬರೀ ಬೆಳ್ಳಿ ಹಾಳೆ ಬಂದಿರಬಹುದು. ಆಗ ಬಿಲ್ಲಿನಲ್ಲಿ ಹೆಸರು ನೋಡಿ. ಹೆಸರು ಇದ್ದರೂ ದಪ್ಪಕ್ಷರದ ಬ್ರ್ಯಾಂಡ್ ಹೆಸರನ್ನಷ್ಟೇ ನೋಡಿ ಬಿಡಬೇಡಿ. ಅದರ ಕೆಳಗೆ ಸಣ್ಣಕ್ಷರದಲ್ಲಿ ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಅಜಿತ್ರೋಮೈಸಿನ್ ಹೀಗೆ ಏನೋ ಬರೆದಿರುತ್ತದೆ. ಅದು ಔಷಧಿಯ ನಿಜವಾದ ಹೆಸರು. ಡಾಕ್ಟರ್ ಫೋನಿನಲ್ಲಿ ಕೇಳುವುದು ಅದನ್ನೇ.

ಈಗ ಒಂದು ಹಾಳೆಯಲ್ಲಿ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ದಿನಕ್ಕೆ ಬರೆದಿದ್ದರು, ಮೊದಲ ಮಾತ್ರೆ ಯಾವತ್ತು, ಕೊನೆಯದು ಯಾವತ್ತು, ಎಷ್ಟು ಉಳಿದಿವೆ ಎಂದು ಬರೆದುಕೊಳ್ಳಿ. ಐದು ನಿಮಿಷದ ಕೆಲಸ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಮರೆತಿದ್ದಲ್ಲ, ಬೇಕಂತಲೇ ಬಿಟ್ಟಿದ್ದೀರಾ?

ಮಾತ್ರೆ ನಿಲ್ಲಿಸಲು ಕಾರಣ ಮರೆವೋ ಆರಾಮವೋ ಆಗಿದ್ದರೆ ಮುಂದೆ ಓದಿ. ಆದರೆ ಮಾತ್ರೆ ತಿಂದ ಮೇಲೆ ಮೈಯಲ್ಲೆಲ್ಲ ದದ್ದು ಎದ್ದು ಕೆರೆತ ಬಂತು ಅಂತ ಬಿಟ್ಟಿದ್ದರೆ ಇಲ್ಲೇ ನಿಲ್ಲಿ. ಡಾಕ್ಟರ್ ಹೇಳದೆ ಅದೇ ಮಾತ್ರೆಯನ್ನು ಒಂದೂ ಮತ್ತೆ ತೆಗೆದುಕೊಳ್ಳಬೇಡಿ. ಮುಖ, ತುಟಿ, ನಾಲಿಗೆ ಊದಿಕೊಂಡರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಕಾಯುವ ಮಾತೇ ಇಲ್ಲ, 108ಕ್ಕೆ ಫೋನ್ ಮಾಡಿ.

ಸ್ವಲ್ಪ ಭೇದಿಯಾಯಿತು, ಹೊಟ್ಟೆ ತೊಳೆಸಿತು ಎನ್ನುವುದು ಆಂಟಿಬಯೋಟಿಕ್ ಜೊತೆ ಸಾಮಾನ್ಯ. ಅದಕ್ಕೆ ಊಟದ ಜೊತೆ ತೆಗೆದುಕೊಳ್ಳಿ ಎಂದೋ, ಬೇರೆ ಮಾತ್ರೆ ಎಂದೋ ಡಾಕ್ಟರ್ ಪರಿಹಾರ ಹೇಳಬಹುದು. ನೀರಿನಂತೆ ಪದೇ ಪದೇ ಭೇದಿ, ಅದರಲ್ಲಿ ರಕ್ತ, ಜೊತೆಗೆ ಹೊಟ್ಟೆ ಸೆಳೆತ ಇದ್ದರೆ ಅದು ಬೇರೆ ವಿಷಯ. ಆಂಟಿಬಯೋಟಿಕ್ ನಿಂತ ಕೆಲವು ವಾರಗಳ ಮೇಲೂ ಹೀಗೆ ಆಗುವುದುಂಟು. ಭೇದಿ ಕಟ್ಟುವ ಮಾತ್ರೆ ಅಂಗಡಿಯಿಂದ ತಂದು ತಿನ್ನದೆ ತೋರಿಸಿಕೊಳ್ಳಿ.

ಒಂದೇ ಡೋಸ್ ತಪ್ಪಿದ್ದರೆ

ಇದು ಸುಲಭ. ಒಂದು ಡೋಸಿಗೂ ಇನ್ನೊಂದಕ್ಕೂ ಇರುವ ಅಂತರದ ಅರ್ಧ ಕಳೆದಿದೆಯೇ ಎಂದು ನೋಡಿ. ಕಳೆದಿಲ್ಲದಿದ್ದರೆ ನೆನಪಾದ ತಕ್ಷಣ ತೆಗೆದುಕೊಳ್ಳಿ. ಕಳೆದಿದ್ದರೆ ಆ ಡೋಸನ್ನು ಬಿಟ್ಟು ಮುಂದಿನದನ್ನು ಅದರ ಹೊತ್ತಿಗೇ ತೆಗೆದುಕೊಳ್ಳಿ.

ಬೆಳಗ್ಗೆ 8, ರಾತ್ರಿ 8 ನಿಮ್ಮ ಹೊತ್ತು ಎಂದುಕೊಳ್ಳಿ. ಬೆಳಗಿನದು ಮರೆತು ಹನ್ನೊಂದಕ್ಕೆ ನೆನಪಾಯಿತು, ಆಗಲೇ ತೆಗೆದುಕೊಳ್ಳಿ, ರಾತ್ರಿಯದು 8ಕ್ಕೇ ಇರಲಿ. ಸಂಜೆ ಐದಕ್ಕೆ ನೆನಪಾದರೆ ಬಿಡಿ, 8ಕ್ಕೆ ಒಂದೇ ಮಾತ್ರೆ. ಮೂರು ಹೊತ್ತಿನ ಮಾತ್ರೆಯಾದರೆ ಅಂತರ ಎಂಟು ಗಂಟೆ, ಹಾಗಾಗಿ ನಾಲ್ಕು ಗಂಟೆಯೊಳಗೆ ನೆನಪಾಗಬೇಕು. ದಿನಕ್ಕೊಂದೇ ಇದ್ದರೆ ಹನ್ನೆರಡು ಗಂಟೆಯ ತನಕ ಅವಕಾಶವಿದೆ. ರಾತ್ರಿ ಒಂಬತ್ತರ ಮಾತ್ರೆ ಬೆಳಗ್ಗೆ ಏಳಕ್ಕೆ ನೆನಪಾದರೂ ತೆಗೆದುಕೊಳ್ಳಬಹುದು. ಔಷಧಿಯ ಪೆಟ್ಟಿಗೆಯ ಚೀಟಿಯಲ್ಲಿ ಬೇರೆ ಸೂಚನೆ ಇದ್ದರೆ ಅದನ್ನೇ ಪಾಲಿಸಿ.

ಎರಡು ಮಾತ್ರೆ ಒಟ್ಟಿಗೆ ಮಾತ್ರ ಬೇಡ. ತಪ್ಪಿಹೋದ ಹೊತ್ತು ವಾಪಸ್ ಬರುವುದಿಲ್ಲ. ಅಮಾಕ್ಸಿಸಿಲಿನ್ ಥರದ ಮಾತ್ರೆ ಕೆಲಸ ಮಾಡುವುದು ರಕ್ತದಲ್ಲಿ ಒಂದು ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ಇರುತ್ತದೆ ಎಂಬುದರ ಮೇಲೆ. ಒಂದೇ ಸಲ ಎಷ್ಟು ಏರುತ್ತದೆ ಎಂಬುದರ ಮೇಲಲ್ಲ. ಡಬಲ್ ಡೋಸ್ ತಿಂದರೆ ಕೊಂಚ ಹೊತ್ತು ಜಾಸ್ತಿ ಏರುತ್ತದೆ, ವಾಂತಿ ಭೇದಿಯೂ ಜಾಸ್ತಿಯಾಗುತ್ತದೆ. ನಿನ್ನೆ ಖಾಲಿಯಿದ್ದ ಗಂಟೆಗಳು ಮಾತ್ರ ಖಾಲಿಯೇ.

ಎಲ್ಲ ಮಾತ್ರೆಗಳೂ ಒಂದೇ ವೇಗದಲ್ಲಿ ಮೈಯಿಂದ ಹೋಗುವುದಿಲ್ಲ. ಅಮಾಕ್ಸಿಸಿಲಿನ್ ರಕ್ತದಲ್ಲಿ ಸುಮಾರು ಒಂದೊಂದು ಗಂಟೆಗೆ ಅರ್ಧರ್ಧ ಇಳಿಯುತ್ತದೆ. ಅದಕ್ಕೇ ಮೂರು ಹೊತ್ತು, ಅದಕ್ಕೇ ಹೊತ್ತು ತಪ್ಪಿದರೆ ಬೇಗ ಬರಿದು. ಅಜಿತ್ರೋಮೈಸಿನ್ ಹಾಗಲ್ಲ. ಅದು ಮೈಯ ಜೀವಕೋಶಗಳೊಳಗೆ ಸೇರಿಕೊಂಡು ಮಾತ್ರೆ ಮುಗಿದ ಮೇಲೂ ಹಲವು ದಿನ ಉಳಿಯುತ್ತದೆ. ಮೂರೇ ಮಾತ್ರೆಗೆ ಕೋರ್ಸ್ ಮುಗಿಯುವುದೂ ಇದೇ ಕಾರಣಕ್ಕೆ. ಹಾಗಂತ ಅದು ತಪ್ಪಿದರೆ ಪರವಾಗಿಲ್ಲ ಎಂದಲ್ಲ. ಒಂದು ಮಾತ್ರೆ ಕೆಲವು ಗಂಟೆ ತಡವಾದರೆ ಚಿಂತೆಯಿಲ್ಲ, ಆದರೆ ಮೂರರಲ್ಲಿ ಎರಡು ಬಿಟ್ಟರೆ ಕೋರ್ಸಿನ ಮೂರನೇ ಎರಡು ಭಾಗವೇ ಹೋಯಿತಲ್ಲ.

ಒಂದು ಡೋಸ್ ಬಿಟ್ಟಿದ್ದರಿಂದ ಕೊನೆಗೆ ಒಂದು ಮಾತ್ರೆ ಉಳಿಯುತ್ತದೆ. ಅದನ್ನು ಕೊನೆಯ ದಿನದ ಮರುದಿನ ಅದರ ಹೊತ್ತಿಗೆ ತೆಗೆದುಕೊಂಡು ಮುಗಿಸುವುದು ವಾಡಿಕೆ. ಮಾತ್ರೆ ನುಂಗಿ ಕೆಲವೇ ನಿಮಿಷದಲ್ಲಿ ವಾಂತಿಯಾಗಿ ಮಾತ್ರೆಯೇ ಹೊರಗೆ ಬಂದಿದ್ದರೆ ಆ ಡೋಸ್ ತಪ್ಪಿದಂತೆಯೇ. ಇನ್ನೊಂದು ತೆಗೆದುಕೊಳ್ಳಬೇಕಾ ಎಂದು ಕೇಳಿ. ಪ್ರತಿ ಡೋಸೂ ವಾಂತಿಯಾಗುತ್ತಿದ್ದರೆ ಮನೆಯಲ್ಲಿ ಪ್ರಯತ್ನಿಸುತ್ತಾ ಕೂರಬೇಡಿ. ಬೇರೆ ಔಷಧಿಯೋ ಇಂಜೆಕ್ಷನ್ನೋ ಬೇಕಾಗಬಹುದು.

ಲೆಕ್ಕಕ್ಕೆ ಸಿಗದ ತಪ್ಪೊಂದಿದೆ. ಸಿಪ್ರೋಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಇವನ್ನು ಹಾಲಿನ ಜೊತೆಯೋ, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಯ ಜೊತೆಯೋ, ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಔಷಧಿಯ ಜೊತೆಯೋ ತೆಗೆದುಕೊಂಡರೆ ಮಾತ್ರೆ ಅವುಗಳಿಗೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಒಂದು ಮಾತ್ರೆಯೂ ತಪ್ಪಿಸಿಲ್ಲ, ಆದರೂ ಗುಣವಾಗುತ್ತಿಲ್ಲ ಎನ್ನುವವರು ಯಾವುದರ ಜೊತೆ ನುಂಗುತ್ತಿದ್ದೀರಿ ಎಂದು ಒಮ್ಮೆ ನೋಡಿಕೊಳ್ಳಿ. ನೀರಿನಲ್ಲೇ ನುಂಗಿ, ಇವಕ್ಕೂ ಅದಕ್ಕೂ ಕೆಲವು ಗಂಟೆ ಅಂತರವಿರಲಿ. ಎಷ್ಟು ಗಂಟೆ ಎಂದು ಮೆಡಿಕಲ್ ಶಾಪಿನ ಫಾರ್ಮಾಸಿಸ್ಟ್ ಹೇಳುತ್ತಾರೆ.

ಒಂದು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಫೋನ್ ಮಾಡಿ

ಸಾಲಾಗಿ ಎರಡು ಮೂರು ಡೋಸ್ ಹೋಗಿದ್ದರೆ ಮೇಲಿನ ಅರ್ಧದ ಲೆಕ್ಕ ಕೆಲಸಕ್ಕೆ ಬಾರದು. ಬಿಟ್ಟಲ್ಲಿಂದ ಮುಂದುವರಿಸಬೇಕಾ, ದಿನ ಹೆಚ್ಚಿಸಬೇಕಾ, ಇಲ್ಲಿಗೇ ಸಾಕಾ ಎಂಬುದು ಕಾಯಿಲೆಯ ಮೇಲೆ ಹೋಗುತ್ತದೆ. ಇದನ್ನು ಚೀಟಿ ಬರೆದ ಡಾಕ್ಟರೇ ಹೇಳಬೇಕು. ಅವರು ಸಿಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾಳೆ, ಸ್ಟ್ರಿಪ್ ಎರಡನ್ನೂ ತೆಗೆದುಕೊಂಡು ಹೋಗಿ. ಸರ್ಕಾರದ ಇ-ಸಂಜೀವಿನಿಯಲ್ಲಿ ವಿಡಿಯೋ ಮೂಲಕವೂ ಡಾಕ್ಟರನ್ನು ಕೇಳಬಹುದು.

ಫೋನಿನಲ್ಲಿ "ಮಾತ್ರೆ ಸರಿಯಾಗಿ ತಗೊಂಡಿಲ್ಲ ಡಾಕ್ಟ್ರೇ" ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ: "ಸೆಫಿಕ್ಸಿಮ್ 200, ದಿನಕ್ಕೆರಡು, 14 ದಿನಕ್ಕೆ ಬರೆದಿದ್ರಿ. 3ನೇ ತಾರೀಖು ಶುರು ಮಾಡಿದ್ದೆ, 9ಕ್ಕೆ ನಿಲ್ಲಿಸಿದೆ. 16 ಉಳಿದಿವೆ. ಈಗ ಜ್ವರ ಇಲ್ಲ." ಬೈಸಿಕೊಳ್ಳಬೇಕಾಗುತ್ತದೆ ಎಂದು ಹೆದರಿ ನಿಲ್ಲಿಸಿದ್ದನ್ನು ಮುಚ್ಚಿಡುವವರು ಬಹಳ ಇದ್ದಾರೆ. ಮುಚ್ಚಿಟ್ಟರೆ ಡಾಕ್ಟರ್ ಪಾಪ, ಈ ಮಾತ್ರೆ ಕೆಲಸ ಮಾಡಲಿಲ್ಲ ಎಂದುಕೊಂಡು ಇನ್ನೂ ಜೋರಾದದ್ದನ್ನು ಬರೆಯುತ್ತಾರೆ. ಅದು ಬೇಕಿರಲಿಲ್ಲ. ಬೈಸಿಕೊಂಡರೂ ಅಡ್ಡಿಯಿಲ್ಲ, ನಿಜ ಹೇಳಿಬಿಡಿ.

ಆರಾಮಾದ ಮೇಲೂ ಮಾತ್ರೆ ಬೇಕಾ?

ಇದಕ್ಕೆ ಹಳೆಯ ಉತ್ತರ ಒಂದೇ: ಕೋರ್ಸ್ ಮುಗಿಸಿ, ಇಲ್ಲದಿದ್ದರೆ ರೋಗಾಣು ಔಷಧಿಗೆ ಬಗ್ಗದಷ್ಟು ಮೊಂಡಾಗುತ್ತದೆ. ಈ ಮಾತು ಎಲ್ಲ ಸೋಂಕಿಗೂ ಸರಿಯಲ್ಲ ಎಂದು ಡಾಕ್ಟರುಗಳೇ ಈಗ ಹೇಳುತ್ತಿದ್ದಾರೆ. 2017ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಕೆಲವು ತಜ್ಞರು ಇದನ್ನು ನೇರವಾಗಿಯೇ ಪ್ರಶ್ನಿಸಿದರು. ಆಂಟಿಬಯೋಟಿಕ್ ಹೆಚ್ಚು ದಿನ ತಿಂದಷ್ಟೂ ನಮ್ಮ ಕರುಳು, ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳಿಗೆ ಅದು ರೂಢಿಯಾಗುತ್ತದೆ ಎಂಬುದು ಅವರ ವಾದ. ಹಲವು ಸೋಂಕುಗಳಿಗೆ ಈಗ ಮೊದಲಿಗಿಂತ ಕಡಿಮೆ ದಿನ ಬರೆಯುತ್ತಾರೆ. ಸಾಮಾನ್ಯ ನ್ಯುಮೋನಿಯಾ ಚೆನ್ನಾಗಿ ಗುಣವಾಗುತ್ತಿದ್ದರೆ ಐದೇ ದಿನಕ್ಕೆ ನಿಲ್ಲಿಸುವುದುಂಟು.

ಇದನ್ನು ಓದಿ "ನೋಡಿ, ನಾನು ನಿಲ್ಲಿಸಿದ್ದೇ ಸರಿ" ಎನ್ನಬೇಡಿ. ಅಲ್ಲಿ ಕಡಿಮೆ ಮಾಡಿದ್ದು ಡಾಕ್ಟರ್, ಆ ಕಾಯಿಲೆಗೆ ಅಷ್ಟು ಸಾಕೆಂದು ಗೊತ್ತಿದ್ದು. ಕೆಲವು ಕಾಯಿಲೆಗಳಲ್ಲಿ ಆರಾಮಾಗುವುದಕ್ಕೂ ರೋಗಾಣು ಹೋಗುವುದಕ್ಕೂ ಸಂಬಂಧವೇ ಇರುವುದಿಲ್ಲ.

ಹೆಂಗಸರಿಗೆ ಬರುವ ಸಾಮಾನ್ಯ ಉರಿಮೂತ್ರಕ್ಕೆ ನೈಟ್ರೋಫ್ಯುರಾಂಟೋಯಿನ್ ಐದು ದಿನ ಕೊಡುತ್ತಾರೆ. ಎರಡನೇ ದಿನವೇ ಉರಿ ಕಡಿಮೆ. ಕೋರ್ಸೇ ಚಿಕ್ಕದು, ಮುಗಿಸುವುದೇ ಒಳ್ಳೆಯದು. ಮೂರನೇ ದಿನಕ್ಕೆ ನಿಂತುಹೋಗಿದ್ದು ಒಂದು ವಾರದ ಮೇಲೆ ನೆನಪಾಗಿ, ಯಾವ ತೊಂದರೆಯೂ ಇಲ್ಲದಿದ್ದರೆ ಉಳಿದದ್ದನ್ನು ನೀವಾಗಿ ಶುರು ಮಾಡಬೇಡಿ, ಕೇಳಿ. ಏನೂ ಬೇಡ ಎಂದೇ ಹೇಳಬಹುದು. ಗರ್ಭಿಣಿಯಾಗಿದ್ದರೆ, ಅಥವಾ ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು ಇದ್ದರೆ ಅವತ್ತೇ ತೋರಿಸಬೇಕು.

ಗಂಟಲು ನೋವು ಬಹಳಷ್ಟು ಸಲ ವೈರಸ್ಸಿನದು, ಅದಕ್ಕೆ ಆಂಟಿಬಯೋಟಿಕ್ಕೇ ಬೇಡ. ಆದರೆ ಮಗುವಿಗೆ ಸ್ಟ್ರೆಪ್ಟೋಕಾಕಸ್ ಸೋಂಕು ಎಂದು ಡಾಕ್ಟರ್ ಹೇಳಿ ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್ 10 ದಿನ ಬರೆದಿದ್ದರೆ ಅಲ್ಲಿ ಗುರಿ ಗಂಟಲು ಮಾತ್ರವಲ್ಲ. ಆ ಸೋಂಕಿನ ಬೆನ್ನಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗುವುದನ್ನು ತಡೆಯುವುದು ಗುರಿ. ಗಂಟಲು ಮೂರೇ ದಿನಕ್ಕೆ ಸರಿಹೋಗುತ್ತದೆ, ಮಗು ಆಟಕ್ಕೆ ಓಡುತ್ತದೆ. ಮಾತ್ರೆ ನಿಂತಿದ್ದರೆ ಅವತ್ತೇ ಫೋನ್ ಮಾಡಿ.

ಕ್ಷಯದ ಮಾತ್ರೆ ಈ ಲೆಕ್ಕಕ್ಕೆಲ್ಲ ಹೊರಗೆ. ಕನಿಷ್ಠ ಆರು ತಿಂಗಳ ಚಿಕಿತ್ಸೆ ಅದು. ಮೊದಲ ಎರಡು ತಿಂಗಳಲ್ಲೇ ಕೆಮ್ಮು ಹೋಗಿ ತೂಕ ಬಂದಿರುತ್ತದೆ. ಅಲ್ಲಿ ಬಿಟ್ಟು ಬಿಟ್ಟು ತಿಂದರೆ ರೋಗಾಣು ನಿಜಕ್ಕೂ ಮೊಂಡಾಗುತ್ತದೆ, ಆ ಹಳೆಯ ಮಾತು ಅಲ್ಲಿ ಅಕ್ಷರಶಃ ನಿಜ. ಒಂದು ದಿನ ತಪ್ಪಿದರೂ ಆಶಾ ಕಾರ್ಯಕರ್ತೆಗೋ ನಿಮ್ಮ ಕ್ಷಯ ಕೇಂದ್ರಕ್ಕೋ ತಿಳಿಸಿ, ಇಲ್ಲವೇ ನಿಕ್ಷಯ್ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ. ವಾರಗಟ್ಟಲೆ ನಿಂತಿದ್ದರೆ ಹಳೆಯ ಸ್ಟ್ರಿಪ್‌ನಿಂದ ಮತ್ತೆ ಶುರು ಮಾಡಬೇಡಿ. ಕಫ ಪರೀಕ್ಷೆ ಆಗಿ, ಅವರು ಹೇಳಿದ ಮೇಲೆಯೇ.

ಟೈಫಾಯ್ಡ್: ಒಂದು ಲೆಕ್ಕ ಪೂರ್ತಿ ನೋಡೋಣ

ನಮ್ಮಲ್ಲಿ ಮಧ್ಯದಲ್ಲೇ ನಿಲ್ಲುವ ಕೋರ್ಸುಗಳಲ್ಲಿ ಟೈಫಾಯ್ಡಿನದು ಎದ್ದು ಕಾಣುತ್ತದೆ. ಯಾಕೆಂದರೆ ಕೋರ್ಸ್ ಉದ್ದ, ಜ್ವರ ಮಾತ್ರ ನಡುವೆಯೇ ಬಿಡುತ್ತದೆ. ಸರಿಯಾದ ಮಾತ್ರೆ ಶುರುವಾದರೂ ಜ್ವರ ಇಳಿಯಲು ಸುಮಾರು ನಾಲ್ಕೈದು ದಿನ ಹಿಡಿಯುತ್ತದೆ. ಈ ರೋಗಾಣು ರಕ್ತದಲ್ಲಷ್ಟೇ ಇರುವುದಿಲ್ಲ. ನಮ್ಮನ್ನು ಕಾಯಬೇಕಾದ ಜೀವಕೋಶಗಳ ಒಳಗೇ ಅಡಗಿ ಕೂರುತ್ತದೆ, ಪಿತ್ತಕೋಶದಲ್ಲೂ ಸೇರಿಕೊಳ್ಳುತ್ತದೆ. ರಕ್ತ ಶುದ್ಧವಾದಾಗ ಜ್ವರ ಹೋಗುತ್ತದೆ, ಅಡಗಿದ್ದು ಉಳಿದಿರಬಹುದು. ಅದು ಎರಡು ಮೂರು ವಾರ ಬಿಟ್ಟು ಮತ್ತೆ ಜ್ವರವಾಗಿ ಬರುತ್ತದೆ. ಇದಕ್ಕೇ ಜನ ಟೈಫಾಯ್ಡ್ ಮರುಕಳಿಸಿತು ಎನ್ನುವುದು.

ಹೋಟೆಲಿನಲ್ಲಿ ದೋಸೆ ಹಾಕುವ ಒಬ್ಬ ಹುಡುಗ, ಮಂಜು ಎಂದಿಟ್ಟುಕೊಳ್ಳೋಣ. ಟೈಫಾಯ್ಡ್ ಎಂದು ಖಚಿತವಾಗಿ ಅವನಿಗೆ ಸೆಫಿಕ್ಸಿಮ್ ದಿನಕ್ಕೆರಡು ಮಾತ್ರೆ, 14 ದಿನ ಬರೆದರು. ಒಟ್ಟು 28. ಅಂಗಡಿಯವರು ಹತ್ತರ ಎರಡು ಸ್ಟ್ರಿಪ್, ಎಂಟರ ಒಂದು ತುಂಡು ಕೊಟ್ಟರು. 3ನೇ ತಾರೀಖು ಬೆಳಗ್ಗೆ ಶುರು. 8ಕ್ಕೆ ಜ್ವರ ಬಿಟ್ಟಿತು. 9ರ ರಾತ್ರಿ ಕೊನೆಯ ಮಾತ್ರೆ. 10ಕ್ಕೆ ಕೆಲಸಕ್ಕೆ ಹೋದ, ಮಾತ್ರೆ ರೂಮಿನಲ್ಲೇ ಉಳಿಯಿತು. 12ರ ಮಧ್ಯಾಹ್ನ ಅಕ್ಕ ಫೋನ್ ಮಾಡಿ "ಮಾತ್ರೆ ಮುಗೀತೇನೋ?" ಎಂದಾಗ ನೆನಪಾಯಿತು.

ಅವನ ಲೆಕ್ಕದಲ್ಲಿ ಏಳು ದಿನ ತಿಂದಿದ್ದಾನೆ, ಅಂದರೆ 14 ಮಾತ್ರೆ. ಸ್ಟ್ರಿಪ್ ಎಣಿಸಿದರೆ ಮೊದಲನೆಯದು ಖಾಲಿ, ಎರಡನೆಯದರಲ್ಲಿ ಎರಡೇ ಗುಳ್ಳೆ ಒಡೆದಿವೆ. ತಿಂದಿದ್ದು 12. ಜ್ವರದ ಮಂಪರಿನಲ್ಲಿ ಎರಡು ಡೋಸ್ ಆಗಲೇ ಜಾರಿವೆ. 10, 11ರ ನಾಲ್ಕು, 12ರ ಬೆಳಗಿನದು ಒಂದು ಸೇರಿಸಿದರೆ ಒಟ್ಟು ಏಳು ಡೋಸ್ ತಪ್ಪಿದೆ. ಉಳಿದಿರುವುದು 16.

ಅವನು ಈಗ ಮಾಡಬೇಕಾದದ್ದು ಮೂರು ಕೆಲಸ. ಥರ್ಮಾಮೀಟರಿನಲ್ಲಿ ಜ್ವರ ನೋಡಿ ಬರೆದುಕೊಳ್ಳುವುದು, ಅದೂ ಪ್ಯಾರಾಸಿಟಮಾಲ್ ತಿನ್ನುವ ಮೊದಲು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಮೇಲಿನ ಲೆಕ್ಕ ಹೇಳುವುದು. ಕೆಲಸದಲ್ಲಿ ಆಹಾರ ಮುಟ್ಟದಿರುವುದು. ಟೈಫಾಯ್ಡ್ ರೋಗಾಣು ಮಲದಲ್ಲಿ ಹೊರಬೀಳುತ್ತದೆ, ಜ್ವರವಿಲ್ಲದಿದ್ದರೂ ಬೀಳಬಹುದು. ಕೈ ಮೂಲಕ ಅದು ಚಟ್ನಿಗೂ ನೀರಿನ ಲೋಟಕ್ಕೂ ಹೋಗುತ್ತದೆ. ಯಾವಾಗ ಅಡುಗೆ ಮನೆಗೆ ವಾಪಸ್ ಹೋಗಬಹುದು ಎಂದು ಡಾಕ್ಟರನ್ನೇ ಕೇಳಬೇಕು, ಮಲ ಪರೀಕ್ಷೆ ಮಾಡಿಸಲೂ ಹೇಳಬಹುದು. ಮಾಲೀಕರಿಗೆ ಇದು ಇಷ್ಟವಾಗುವುದಿಲ್ಲ, ಗೊತ್ತು. ಆದರೂ ಕೌಂಟರಿನಲ್ಲಿ ಕೂರಿಸಬಹುದಲ್ವಾ.

ಡಾಕ್ಟರ್ ಏನು ಹೇಳಬಹುದು? ಜ್ವರವಿಲ್ಲ, ಹೊಟ್ಟೆನೋವಿಲ್ಲ ಎಂದಾದರೆ ಅದೇ ಮಾತ್ರೆಯನ್ನು ಅವತ್ತೇ ಮುಂದುವರಿಸಿ ಎನ್ನಬಹುದು. ಹಾಗಾದರೆ 12ರ ರಾತ್ರಿ ಒಂದು, 13ರಿಂದ 19ರವರೆಗೆ ದಿನಕ್ಕೆರಡು, 20ರ ಬೆಳಗ್ಗೆ ಕೊನೆಯದು, ಅಲ್ಲಿಗೆ 16 ಮುಗಿಯುತ್ತದೆ. ಅಥವಾ ಅಂತರ ಜಾಸ್ತಿಯಾಯಿತು ಎಂದು ದಿನ ಹೆಚ್ಚಿಸಬಹುದು, ಬಂದು ತೋರಿಸಿ ಎನ್ನಬಹುದು. ಹೊಸ ಕೊನೆಯ ತಾರೀಖನ್ನು ಕೇಳಿ, ಸ್ಟ್ರಿಪ್ ಮೇಲೇ ಪೆನ್ನಿನಲ್ಲಿ ಬರೆದುಕೊಳ್ಳಬೇಕು. "ಎಷ್ಟು ದಿನ" ಎನ್ನುವುದಕ್ಕಿಂತ "ಯಾವ ತಾರೀಖಿನವರೆಗೆ" ಎನ್ನುವುದು ಗೊಂದಲವಿಲ್ಲದ್ದು.

ಮಾತ್ರೆ ಮುಗಿದ ಮೇಲೂ ಮೂರು ವಾರ ಸಂಜೆ ಹೊತ್ತು ಮೈ ಬಿಸಿಯಾಯಿತು ಅನ್ನಿಸಿದಾಗೆಲ್ಲ ಥರ್ಮಾಮೀಟರ್ ಹಚ್ಚಿ ನೋಡಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ ಎಂದೇ ಲೆಕ್ಕ.

ಜ್ವರ ವಾಪಸ್ ಬಂದರೆ

ಮಂಜು ಅಕ್ಕನ ಮಾತಿಗೆ ಹೂಂ ಎಂದು ಸುಮ್ನೆ ಕೂತ ಎಂದುಕೊಳ್ಳಿ. 24ಕ್ಕೆ 102 ಜ್ವರ. ರೂಮಿನಲ್ಲಿ 16 ಮಾತ್ರೆ ಕಣ್ಣೆದುರೇ ಇದೆ, ಡಾಕ್ಟರ್ ಫೀಸೂ ಉಳಿಯುತ್ತದೆ. ಇಲ್ಲೇ ಜನ ಎಡವುವುದು.

ಆ ಮಾತ್ರೆ ಮುಟ್ಟಬಾರದು. ಈಗ ಬೇಕಿರುವುದು ಬ್ಲಡ್ ಕಲ್ಚರ್. ರಕ್ತದಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆ ಎಂದು ನೋಡುವ ಪರೀಕ್ಷೆ ಅದು. ಎರಡು ಮಾತ್ರೆ ಹೊಟ್ಟೆಗೆ ಹೋಗಿದ್ದರೂ ಲ್ಯಾಬಿನಲ್ಲಿ ಏನೂ ಬೆಳೆಯದೆ ವರದಿ ಖಾಲಿ ಬರಬಹುದು. ಆಗ ಡಾಕ್ಟರ್ ಕತ್ತಲಲ್ಲಿ ಬಾಣ ಬಿಟ್ಟ ಹಾಗೆ ಔಷಧಿ ಆರಿಸಬೇಕಾಗುತ್ತದೆ. ಅಲ್ಲದೆ ಈ ಜ್ವರ ಟೈಫಾಯ್ಡೇ ಆಗಿರಬೇಕೆಂದಿಲ್ಲ. ಡೆಂಗಿ, ಮಲೇರಿಯಾ, ಇಲಿಜ್ವರ ಏನೂ ಇರಬಹುದು.

ಅವತ್ತೇ ಡಾಕ್ಟರ್ ಹತ್ತಿರ ಹೋಗಿ, ಹೊಸ ಆಂಟಿಬಯೋಟಿಕ್ ಶುರುವಾಗುವ ಮೊದಲು ಕಲ್ಚರಿಗೆ ರಕ್ತ ಕೊಡುವುದು ಬೇಡವಾ ಎಂದು ಕೇಳಿ. ಸ್ಟ್ರಿಪ್ ತೋರಿಸಿ, ಯಾವತ್ತು ನಿಲ್ಲಿಸಿದ್ದು ಎಂದೂ ಹೇಳಿ. ಕಲ್ಚರ್ ವರದಿಗೆ ಕೆಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಡಾಕ್ಟರ್ ತಮ್ಮ ಅಂದಾಜಿನ ಮೇಲೆ ಚಿಕಿತ್ಸೆ ಶುರು ಮಾಡುತ್ತಾರೆ. ನೀವಾಗಿಯೇ ಲ್ಯಾಬಿಗೆ ಹೋಗಿ ಟೈಫಾಯ್ಡಿನ ವಿಡಾಲ್ ರಕ್ತಪರೀಕ್ಷೆ ಮಾಡಿಸಿ ಬರುವುದು ದಂಡ. ಹಳೆಯ ಟೈಫಾಯ್ಡಿನಿಂದಲೇ ಅದು ತಿಂಗಳುಗಟ್ಟಲೆ ಪಾಸಿಟಿವ್ ತೋರಿಸಬಹುದು. ಮರುಕಳಿಸಿದೆಯಾ ಇಲ್ಲವಾ ಎಂದು ಅದರಿಂದ ತಿಳಿಯದು.

ಜ್ವರದ ಜೊತೆ ಹೊಟ್ಟೆ ಜೋರಾಗಿ ನೋಯುತ್ತಿದ್ದರೆ, ಹೊಟ್ಟೆ ಗಟ್ಟಿಯಾಗಿ ಉಬ್ಬಿದ್ದರೆ, ಮಲ ಟಾರಿನಂತೆ ಕಪ್ಪಗಿದ್ದರೆ ಅಥವಾ ರಕ್ತ ಹೋಗುತ್ತಿದ್ದರೆ ಕ್ಲಿನಿಕ್ಕಿಗಲ್ಲ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಟೈಫಾಯ್ಡಿನಲ್ಲಿ ಕರುಳು ತೂತಾಗುವುದು, ಕರುಳಿನಲ್ಲಿ ರಕ್ತ ಒಸರುವುದು ಉಂಟು. ರೋಗಿ ಮಾತು ತಪ್ಪುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಮೂತ್ರ ತೀರಾ ಕಡಿಮೆಯಾದರೆ, ಉಸಿರು ಜೋರಾದರೆ ಯಾವ ಸೋಂಕೇ ಇರಲಿ ತಡ ಮಾಡಬಾರದು.

ಮಕ್ಕಳ ಸಿರಪ್ ಉಳಿದಿದ್ದರೆ

ಮಕ್ಕಳ ಆಂಟಿಬಯೋಟಿಕ್ ಹೆಚ್ಚಾಗಿ ಪುಡಿಯಾಗಿ ಬರುತ್ತದೆ, ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಯವರೆಗೆ ಹಾಕಿ ಕಲಕಬೇಕು. ಲೇಬಲ್ಲಿನ ಎಕ್ಸ್‌ಪೈರಿ ತಾರೀಖು ಪುಡಿಗೆ, ಕಲಕಿದ ಔಷಧಿಗಲ್ಲ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕಲಕಿದ ಮೇಲೆ ಸಾಮಾನ್ಯವಾಗಿ ಏಳು ದಿನ, ಅದೂ ಫ್ರಿಜ್ಜಿನಲ್ಲಿ. ಬೇರೆಯವಕ್ಕೆ ಎಷ್ಟು ದಿನ ಎಂದು ಲೇಬಲ್ ನೋಡಿ. ಮಧ್ಯೆ ನಾಲ್ಕು ದಿನ ನಿಂತಿದ್ದ ಕೋರ್ಸನ್ನು ಡಾಕ್ಟರ್ ಮುಂದುವರಿಸಲು ಹೇಳಿದರೂ ಆ ಬಾಟಲಿ ಆಗಲೇ ಕೆಟ್ಟಿರಬಹುದು, ಹೊಸದು ಬೇಕಾಗುತ್ತದೆ. ಕಲಕಿದ ದಿನವನ್ನು ಬಾಟಲಿ ಮೇಲೆ ಬರೆಯುವ ರೂಢಿ ಮಾಡಿಕೊಂಡರೆ ಈ ತಲೆನೋವಿಲ್ಲ.

ಇನ್ನು ಉಳಿದ ಮಾತ್ರೆ

ಡಾಕ್ಟರ್ ಸಾಕು ಎಂದರೆ, ಅಥವಾ ಔಷಧಿ ಬದಲಿಸಿದರೆ ಹಳೆಯದು ಉಳಿಯುತ್ತದೆ. ಅದನ್ನು ಮುಂದಿನ ಜ್ವರಕ್ಕೆ ಇರಲಿ ಎಂದು ಡಬ್ಬಿಯಲ್ಲಿ ಇಡಬೇಡಿ. ಪಕ್ಕದ ಮನೆ ಆಂಟಿಗೂ ಕೊಡಬೇಡಿ, ಅವರ ಕೆಮ್ಮು ನಿಮ್ಮ ಟೈಫಾಯ್ಡ್ ಅಲ್ಲ. ಆಂಟಿಬಯೋಟಿಕ್ ಸ್ಟ್ರಿಪ್ ಹಿಂದೆ ಇರುವ ಕೆಂಪು ಗೆರೆಯ ಅರ್ಥವೂ ಅದೇ, ಡಾಕ್ಟರ್ ಚೀಟಿ ಇಲ್ಲದೆ ಇದನ್ನು ತೆಗೆದುಕೊಳ್ಳುವ ಹಾಗಿಲ್ಲ. ಸಿಂಕಿಗೋ ಕಕ್ಕಸಿಗೋ ಸುರಿದರೆ ಅದು ಚರಂಡಿ ನೀರಿಗೆ ಸೇರಿ ಅಲ್ಲಿನ ಬ್ಯಾಕ್ಟೀರಿಯಾಕ್ಕೆ ಔಷಧಿಯನ್ನು ತಡೆದುಕೊಳ್ಳುವ ಪಾಠವಾಗುತ್ತದೆ. ಹಳೆಯ ಔಷಧಿ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ನಿಮ್ಮ ಮೆಡಿಕಲ್ ಶಾಪಿನಲ್ಲಿ ಕೇಳಿ ನೋಡಿ. ಇಲ್ಲವೆಂದರೆ ಮಕ್ಕಳ ಕೈಗೆ ಸಿಗದಂತೆ ಕವರಿನಲ್ಲಿ ಕಟ್ಟಿ, ಹಸಿ ಕಸ ಒಣ ಕಸದ ಜೊತೆ ಬೆರೆಸದೆ, ಅಪಾಯಕಾರಿ ಕಸ ಎಂದು ಹೇಳಿ ಕಸದ ಗಾಡಿಯವರ ಕೈಗೆ ಬೇರೆಯಾಗಿ ಕೊಡಿ.